ಅಜ್ಜಿಗೆ ಅಡುಗೆ ಪುಸ್ತಕ: ‘ಅಂದಾಜು’ ಅಳೆಯುವುದು ಹೇಗೆ?

ಪ್ರಶ್ನೆ: “ಡೊಂಬಿವಲಿಯಲ್ಲಿರುವ ನಮ್ಮಜ್ಜಿಗೆ 80 ತುಂಬುತ್ತದೆ. ಅವರ ಅಡುಗೆಗಳ ಪುಸ್ತಕ ಮಾಡಿಸಿ ಕೊಡೋಣ ಅಂತಿದ್ದೇನೆ. ಅಳತೆ ಕೇಳಿದರೆ ‘ಅಂದಾಜಿಗೆ ಹಾಕು’ ಅಂತಾರೆ. ಏನು ಮಾಡಲಿ?”

ಕೇಳಬೇಡಿ, ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದಿದ್ದರೆ ಸಾಕು. ಅಜ್ಜಿ ಅಡುಗೆ ಶುರು ಮಾಡುವ ಮೊದಲು ಒಂದೊಂದೇ ಡಬ್ಬಿ ತೂಗಿ ಬರೆದುಕೊಳ್ಳಿ, ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೇ ಅವರ ಅಂದಾಜು. ನಡುವೆ ಅವರ ಕೈ ತಡೆಯಬೇಕಾಗಿಲ್ಲ.

ನಮ್ಮತ್ತೆಯ ಪತ್ರೊಡೆಯನ್ನು ಹೀಗೇ ಬರೆದುಕೊಂಡೆ. ಅವರ ಲೆಕ್ಕವೆಲ್ಲ ಊರಿಂದ ತಂದ ಒಂದು ಕುಡ್ತೆಯಲ್ಲಿ. ಅದಕ್ಕೆ ನೀರು ತುಂಬಿಸಿ ತೂಗಿದೆ, ನೀರೇ 210 ಗ್ರಾಂ ಬಂತು. ಅಂದರೆ 210 ಎಂಎಲ್ ಪಾತ್ರೆ. ಅವರು ‘ಲಿಂಬೆಯಷ್ಟು’ ಅನ್ನುವ ಹುಣಸೆಹಣ್ಣು 40 ಗ್ರಾಂ ಇತ್ತು.

ಇದೇ ಪ್ರಶ್ನೆಗೆ ಉತ್ತರಿಸಿದ ಒಬ್ಬರು “ಗ್ರಾಂ ಬರೆದರೆ ಮುಗೀತು” ಅಂದಿದ್ದಾರೆ. ಅರ್ಧ ಸರಿ. ಹಳೆ ಹುಣಸೆಯ ಹುಳಿ ಬೇರೆ, ಹೊಸದರ ಹುಳಿ ಬೇರೆ. ಕೆಸುವಿನ ಎಲೆಗೆ ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಅತ್ತೆ ಎಲೆಗೆ ಹಚ್ಚುವ ಮೊದಲೇ ಹಿಟ್ಟನ್ನು ನಾಲಿಗೆಗೆ ಇಟ್ಟು ನೋಡುತ್ತಾರೆ. “ಒಂದು ಕಣ್ಣು ಮುಚ್ಚುವಷ್ಟು ಹುಳಿ ಇರಬೇಕು” ಅಂದರು. ಹಿಟ್ಟು ಎಲೆ ಮೇಲೆ ಕೂರಬೇಕು, ಜಾರಬಾರದು. ಗ್ರಾಮಿನ ಪಕ್ಕದಲ್ಲಿ ಇಂಥ ಗುರುತನ್ನೂ ಅವರ ಮಾತಿನಲ್ಲೇ ಬರೆಯಿರಿ. ಮೊಮ್ಮಕ್ಕಳು ಮುಂಬೈ ಮಾರ್ಕೆಟ್ಟಿನಲ್ಲಿ ‘ಅಳೂಚಿ ಪಾನೆ’ ಅಂತ ಕೇಳಿದರೆ ಎಲೆ ಸಿಗುತ್ತದೆ, ಅದೂ ಪುಸ್ತಕದಲ್ಲಿರಲಿ.

ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಸುಮ್ನೆ “ಹಳೇ ಕತೆ ಹೇಳಿ” ಅಂದರೆ ಯಾರೂ ಹೇಳಲ್ಲ. ಕೈಯಲ್ಲಿ ಕೆಲಸ ಇರುವಾಗ “ಎಲೆ ಎಲ್ಲಿಂದ ಕೀಳ್ತಿದ್ರಿ?” ಅಂತ ಕೇಳಿ ನೋಡಿ. ಫೋನನ್ನು ಅವರ ಎದುರು ಒಂದು ಮೊಳದೊಳಗೆ ಇಡಿ, ಫ್ಯಾನ್ ಆರಿಸಿ, ಮಿಕ್ಸಿ ಹಾಕುವಾಗ ಮಾತು ಬೇಡ. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಹಾಕಿಸಬಹುದು, ಆದರೆ ಲಿಂಕ್ ಮುಂದೊಂದು ದಿನ ಸತ್ತುಹೋದೀತು. ಫೈಲಿನ ಪ್ರತಿ ಇಬ್ಬರು ಮೂವರ ಮನೆಯಲ್ಲಿರಲಿ.

ಉತ್ತರಿಸಿದ ಇನ್ನೊಬ್ಬ ಅಕ್ಕ “ಅವರಡುಗೆ ಅವರಿಗೇ ಯಾಕೆ? ಮೊಮ್ಮಕ್ಕಳ ಕತೆ ರೆಕಾರ್ಡ್ ಮಾಡಿ ಕೊಡಿ” ಅಂದಿದ್ದಾರೆ. ಅವರಮ್ಮನಿಗೆ ಅದೇ ಇಷ್ಟವಾಯಿತಂತೆ. ನಿಮ್ಮ ಅಜ್ಜಿಗೆ ಯಾವುದು ಸರಿ ಅಂತ ನಾನು ಹೇಗೆ ಹೇಳಲಿ?

ಛಾಪಿಸುವಾಗ ಅಕ್ಷರ 18 ಪಾಯಿಂಟ್ ಇರಲಿ. ಒಲೆ ಪಕ್ಕ ಬಿಚ್ಚಿದರೆ ಅಗಲವಾಗಿ ನಿಲ್ಲುವಂತೆ ಸ್ಪೈರಲ್ ಬೈಂಡಿಂಗ್ ಮಾಡಿಸಿ. ಮುಂಬೈ ಕಡೆಯ ಪ್ರಿಂಟಿಂಗ್ ಅಂಗಡಿಗಳ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದೆ ಒತ್ತಕ್ಷರ ಒಡೆದುಹೋಗಬಹುದು. ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಮಾಡಿಯೇ ಕೊಡಿ. ಮೊದಲು ಒಂದೇ ಪುಟ ತೆಗೆಸಿ ‘ಪತ್ರೊಡೆ’, ‘ಉಪ್ಪು’ ಸರಿಯಾಗಿ ಬಂದಿದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.