ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್: ಬಚ್ಚಲುಮನೆಯ ಬಿಳಿ ಕಲೆಗೆ

“ಬೋರ್‌ವೆಲ್ ನೀರಿನಿಂದ ಬಾತ್‌ರೂಮ್ ಟೈಲ್ಸ್ ಬೆಳ್ಳಗಾಗಿವೆ. ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಕೂಡಿಸಿದರೆ ಬೇಗ ಹೋಗುತ್ತದೆಯೇ?”

ದಯವಿಟ್ಟು ಕೂಡಿಸಬೇಡಿ. ಆಸಿಡ್ ತಗಲಿದ ಕೂಡಲೇ ಬ್ಲೀಚಿಂಗ್ ಪೌಡರ್‌ನಿಂದ ಕ್ಲೋರಿನ್ ಅನಿಲ ಹೊರಬರುತ್ತದೆ. ಅದು ಗಾಳಿಗಿಂತ ಭಾರವಾಗಿದ್ದು ಕೆಳಗೇ ನಿಲ್ಲುವುದರಿಂದ, ಕುಳಿತು ನೆಲ ತಿಕ್ಕುವವರ ಮೂಗಿಗೇ ಮೊದಲು ತಾಗುತ್ತದೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ರಾತ್ರಿ ಉದುರಿಸಿದ್ದ ಪೌಡರನ್ನು ತೊಳೆಯದೆ ಬೆಳಿಗ್ಗೆ ಅದರ ಮೇಲೆಯೇ ಆಸಿಡ್ ಸುರಿದಿದ್ದೆ. ಬಕೆಟ್ಟಿನಲ್ಲಿ ಬೆರೆಸಿರಲಿಲ್ಲ, ನೆಲದ ಮೇಲೆ ತಾನಾಗಿಯೇ ಬೆರೆತು ಕಣ್ಣು ಉರಿದು ಕೆಮ್ಮು ಹತ್ತಿತು. ಅಂಥ ಘಾಟು ಬಂದರೆ ತೊಳೆಯುತ್ತ ನಿಲ್ಲದೆ, ಬಾಗಿಲು ತೆರೆದಿಟ್ಟು ಹೊರಬರಬೇಕು. ಕೆಮ್ಮು ನಿಲ್ಲದಿದ್ದರೆ ಅಥವಾ ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಬಿಳಿ ಕಲೆ ಗಡಸು ನೀರು ಬಿಟ್ಟುಹೋದ ಸುಣ್ಣ. ಅದನ್ನು ಆಮ್ಲ ಕರಗಿಸುತ್ತದೆ, ಬ್ಲೀಚ್‌ಗೆ ಅಲ್ಲಿ ಕೆಲಸವೇ ಇಲ್ಲ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚದಷ್ಟು ಕರಗಿಸಿ, ಕೈಗವಸು ಧರಿಸಿ ಹಚ್ಚಿ, 10 ನಿಮಿಷದ ನಂತರ ತಿಕ್ಕಿ ತೊಳೆಯಿರಿ. ಬ್ಲೀಚ್ ಬೇಕಾಗುವುದು ಸಂದಿನ ಕಪ್ಪು ಬೂಸ್ಟಿಗೆ. ಅದನ್ನು ಬೇರೊಂದು ದಿನ, ಬರಿಯ ನೀರಿನೊಂದಿಗೆ ಬಳಸಬಹುದು. ನೆಲಕ್ಕೆ ಶಹಾಬಾದ್ ಕಲ್ಲಿದ್ದರೆ ಮಾತ್ರ ನಿಂಬೆ ಉಪ್ಪೂ ಬೇಡ, ಏಕೆಂದರೆ ಆ ಕಲ್ಲೇ ಸುಣ್ಣದ್ದು: ಆಮ್ಲ ಬಿದ್ದಲ್ಲಿ ನೊರೆಯೆದ್ದು ಹೊಳಪು ಹೋಗುತ್ತದೆ. ಅದಕ್ಕೆ ಸೋಪಿನ ನೀರು ಸಾಕು.