ಪದ ಸಾಲದೆ ಅಲ್ಲ, ಸಾಲು ಬಿಟ್ಟಿದ್ದಕ್ಕೆ

“ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಫಿಸಿಕ್ಸ್ ನೋಟ್ಸ್‌ಗೆಂದು ನಿಘಂಟು ನೋಡಿ 200 ಪದ ಬರೆದು ಎ-ಬಿ-ಸಿ ಪ್ರಕಾರ ಜೋಡಿಸಿದ್ದೇನೆ. ಆದರೂ ಒಂದು ಪ್ಯಾರಾ ತಲೆಗೆ ಹತ್ತುತ್ತಿಲ್ಲ. ಇನ್ನೆಷ್ಟು ಪದ ಬೇಕು?”

ಇನ್ನೊಂದು ಪದವನ್ನೂ ಸೇರಿಸಬೇಡಿ, ದಯವಿಟ್ಟು. ನಾನೂ ಹಳ್ಳಿಯಿಂದ ಬಂದು ಇದೇ ತಪ್ಪಿನಲ್ಲಿ ಒಂದು ಸೆಮಿಸ್ಟರ್ ಕಳೆದೆ.

ಮೊಮೆಂಟಮ್‌ಗೆ ಸಂವೇಗ, ಫೋರ್ಸ್‌ಗೆ ಬಲ, ಎಲ್ಲ ನನ್ನ ಪಟ್ಟಿಯಲ್ಲಿತ್ತು. ನೋಟ್ಸ್‌ನಲ್ಲಿದ್ದ ಸಾಲು ಇದು: “ಮೊಮೆಂಟಮ್ ಈಸ್ ಕನ್ಸರ್ವ್ಡ್, ಪ್ರೊವೈಡೆಡ್ ನೋ ಎಕ್ಸ್‌ಟರ್ನಲ್ ಫೋರ್ಸ್ ಆಕ್ಟ್ಸ್ ಆನ್ ದ ಸಿಸ್ಟಮ್.” ಪ್ರೊವೈಡೆಡ್ ಎಂದರೆ ‘ಒದಗಿಸಿದ’ ಎಂದು ಬರೆದುಕೊಂಡಿದ್ದೆ. ಏನನ್ನು ಒದಗಿಸಿದರು ಎಂದು ತಿಳಿಯದೆ ಸಾಲಿನ ಬಾಲವನ್ನೇ ಬಿಟ್ಟೆ; ಸಂವೇಗ ಯಾವಾಗಲೂ ಉಳಿಯುತ್ತದೆ ಎಂದು ಬಾಯಿಪಾಠ ಮಾಡಿದೆ. ಟೆಸ್ಟ್‌ನಲ್ಲಿ ಕೇಳಿದ್ದು, ಬೀಳುತ್ತಿರುವ ಚೆಂಡೊಂದನ್ನೇ ಸಿಸ್ಟಮ್ ಎಂದುಕೊಂಡರೆ ಅದರ ಸಂವೇಗ ಉಳಿಯುತ್ತದೆಯೇ ಎಂದು. ಹೌದು ಅಂತ ಬರೆದೆ. ಭೂಮಿ ಎಳೆಯುತ್ತಿದೆಯಲ್ಲ, ಅದೇ ಹೊರಬಲ! ಸೊನ್ನೆ ಬಂತು.

ಹಾಸ್ಟೆಲಿನ ಸೀನಿಯರ್ ಅಕ್ಕ ಒಬ್ಬರು ಆ ಸಾಲನ್ನು ಹಿಂದಿನಿಂದ ಓದಿಸಿದರು: “ಹೊರಗಿನ ಬಲ ಯಾವುದೂ ಇಲ್ಲದಿದ್ದರೆ ಮಾತ್ರ ಸಂವೇಗ ಬದಲಾಗದು.” ನಮ್ಮಲ್ಲಿ ‘ಆದರೆ ಮಾತ್ರ’ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಎಷ್ಟೋ ಸಲ ಕೊನೆಗೆ. ಅಂದಿನಿಂದ ಪಟ್ಟಿಯನ್ನು ಮೂರು ಕಲಂ ಮಾಡಿದೆ: ಪದ, ಅದು ಬಂದ ನೋಟ್ಸಿನ ಇಡೀ ಸಾಲು, ನನ್ನ ಮಾತಿನ ಕನ್ನಡ ಸಾಲು. ಎ-ಬಿ-ಸಿ ಬಿಟ್ಟು ಪಾಠದ ಪ್ರಕಾರ. ಒಂದು ಪಾಠಕ್ಕೆ 12 ಪದ ಮೀರಬಾರದು. ಅದರಲ್ಲಿ ಮೊದಲ ಜಾಗ ಅನ್‌ಲೆಸ್, ವೇರ್‌ಆಸ್, ಹೆನ್ಸ್, ವಿತ್ ರೆಸ್ಪೆಕ್ಟ್ ಟು, ಇಂಥವಕ್ಕೆ. ಇವುಗಳನ್ನು ಪಟ್ಟಿಯಲ್ಲಿ ಹಾಕದವರೇ ಹೆಚ್ಚು, ಎಡವುವುದೂ ಇಲ್ಲೇ. ಬರೆದಿದ್ದು ಸರಿಯೇ ಎಂದು ನೋಡಲು ಮಾರನೇ ದಿನ ಮೂರನೇ ಕಲಂ ಮುಚ್ಚಿ ಇಂಗ್ಲಿಷ್ ಸಾಲನ್ನು ಬಾಯಲ್ಲಿ ಕನ್ನಡಕ್ಕೆ ತನ್ನಿ. ತಡವರಿಸಿದ ಕಡೆ ಗುರುತು ಹಾಕಿ.

ಇದೇ ಪ್ರಶ್ನೆಗೆ ಉತ್ತರಿಸಿದ ಇನ್ನೊಬ್ಬರು ಕನ್ನಡ ಬಿಟ್ಟು ಇಂಗ್ಲಿಷಲ್ಲೇ ಅರ್ಥ ಬರೆಯಿರಿ ಎಂದಿದ್ದಾರೆ. ಅದು ಮೂರನೇ ಸೆಮಿಸ್ಟರ್‌ಗೆ ಸರಿ, ಈಗಲೇ ಮಾಡಿದರೆ ಅರ್ಥವಾಗದ ಒಂದು ಪದಕ್ಕೆ ಇನ್ನೆರಡು ಸೇರುತ್ತವೆ. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರಿ ಎಂದವರೇ, ಇಲ್ಲಿರುವ ಪ್ರಶ್ನೆ ಓದುವುದರ ಬಗ್ಗೆ.

ನಿಘಂಟು ಕೊಟ್ಟಿದ್ದನ್ನೆಲ್ಲ ನಂಬಬೇಡಿ. ಸ್ಪೀಡ್, ವೆಲಾಸಿಟಿ ಎರಡಕ್ಕೂ ‘ವೇಗ’ ಬರೆದುಕೊಂಡವರನ್ನು ನೋಡಿದ್ದೇನೆ. ನಿಮ್ಮ ಹೈಸ್ಕೂಲ್ ಪುಸ್ತಕ ತೆಗೆಯಿರಿ, ಜವ ಬೇರೆ, ವೇಗ ಬೇರೆ ಎಂದು ಅಲ್ಲೇ ಇದೆ. ಆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ!

ಜೆಲ್ ಪೆನ್ ಬೇಡ, ಕೈ ಬೆವರಿಗೆ ಹರಡುತ್ತದೆ. ಬಾಲ್ ಪೆನ್, ಉದ್ದ ನೋಟ್‌ಬುಕ್ ಸಾಕು.

‘ಸಿಸ್ಟಮ್’ ಪದವನ್ನು ನಾನು ‘ವ್ಯವಸ್ಥೆ’ ಎಂದು ಬರೆದೆ, ಅಕ್ಕ ಸಿಸ್ಟಮ್ ಎಂದೇ ಇಡು ಎಂದರು. ಚೆಂಡಿನ ಜೊತೆ ಭೂಮಿಯನ್ನೂ ಸೇರಿಸಿಕೊಂಡರೆ ಆ ಎಳೆತ ಒಳಬಲವಾಗುತ್ತದೆ. ಅದನ್ನು ಹೇಳಲು ಯಾವ ಪದ ಸಲೀಸು ಎಂದು ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಿಲ್ಲ. ನಿಮ್ಮ ಪಟ್ಟಿಯ ಒಂದು ಪುಟದ ಫೋಟೋ ಇಲ್ಲಿ ಹಾಕಿ, ನೋಡುತ್ತೇನೆ.