ಇಳಿಜಾರು ಮಾಡಿಗೆ ರಾಫ್ಟರ್ ಉದ್ದ ಎಷ್ಟು?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಗೆ ಎರಡು ಕಡೆ ಇಳಿಜಾರಿನ ಹೆಂಚಿನ ಮಾಡು ಹಾಕಿಸುತ್ತಿದ್ದೇವೆ. ಅಗಲ 20 ಅಡಿ, ನೆತ್ತಿಯ ಎತ್ತರ 5 ಅಡಿ. ರಾಫ್ಟರ್ ಎಷ್ಟು ಉದ್ದ ಬೇಕು?

ಉತ್ತರ: ಸೂರು ಗೋಡೆಯಿಂದ 2 ಅಡಿ ಹೊರಚಾಚುವುದಾದರೆ ಸುಮಾರು 13 ಅಡಿ 5 ಅಂಗುಲ ಬೇಕು. ಪ್ರತಿ ರಾಫ್ಟರ್ ಅರ್ಧ ಅಗಲವನ್ನಷ್ಟೇ ದಾಟುವುದರಿಂದ ಲೆಕ್ಕಕ್ಕೆ 10 ಅಡಿಯನ್ನು ಹಿಡಿಯಬೇಕು. 10 ಮತ್ತು 5ರ ವರ್ಗಗಳ ಮೊತ್ತವಾದ 125ರ ವರ್ಗಮೂಲ 11.18 ಅಡಿ; ಇದು ನೆತ್ತಿಯಿಂದ ಗೋಡೆಯವರೆಗಿನ ಉದ್ದ. ಇಳಿಜಾರು 5/10, ಅಂದರೆ ಸುಮಾರು 26.6 ಡಿಗ್ರಿ. 5 ಅಡಿಯನ್ನು ಪೂರ್ತಿ 20 ಅಡಿಯಿಂದ ಭಾಗಿಸಿದರೆ ಕೋನ 14 ಡಿಗ್ರಿಯೆಂದು ತಪ್ಪಾಗಿ ಬರುತ್ತದೆ, ಮಂಗಳೂರು ಹೆಂಚಿಗೆ ಅಷ್ಟು ಚಪ್ಪಟೆಯಾದ ಮಾಡು ಸೋರುತ್ತದೆ.

ಹೊರಚಾಚಿಗೆ 2 ಅಡಿಯನ್ನು ಹಾಗೆಯೇ ಕೂಡಿಸುವುದು ನಾನು ಹೆಚ್ಚಾಗಿ ಕಾಣುವ ತಪ್ಪು; ಅದೂ ಇಳಿಜಾರಿನಲ್ಲೇ ಸಾಗುವುದರಿಂದ 11.18/10, ಅಂದರೆ 1.118ರಿಂದ ಗುಣಿಸಿ 2.24 ಅಡಿ ಸೇರಿಸಬೇಕು. ನೆತ್ತಿಯಲ್ಲಿ ಹಲಗೆಯಿದ್ದರೆ ಅದರ ಅರ್ಧ ದಪ್ಪವನ್ನು ಮೊದಲೇ ಆ 10 ಅಡಿಯಿಂದ ಕಳೆಯಿರಿ.